ನಾಲ್ಕು ಪುಟದ ಮಾತು

ಧಾರಾವಾಹಿಗಳಿಗೆ ಮಾತು ಬರೆದು ಹೊಟ್ಟೆ ಹೊರೆದವನು ನಾನು. ಅಲ್ಲಿ ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕು. ಕಣ್ಣೆದುರೇ ಕೊಡ ಒಡೆದರೂ "ಅಯ್ಯೋ ಕೊಡ ಒಡೆಯಿತು" ಎಂದು ಸೊಸೆ ಅತ್ತೆಗೆ ವರದಿ ಒಪ್ಪಿಸಬೇಕು. ಕಥೆಯಲ್ಲಿ ವರ್ಷಗಳು ಉರುಳಬೇಕಾದರೆ ನಾಯಕಿಯ ತಲೆಗೆ ಒಂದಿಷ್ಟು ಬಿಳಿ ಬಳಿದು, ಪಕ್ಕದ ಮನೆಯವಳ ಬಾಯಲ್ಲಿ ನಡುವೆ ನಡೆದದ್ದನ್ನೆಲ್ಲ ಹೇಳಿಸಿಬಿಡುತ್ತಿದ್ದೆವು. ನೋಡುವವರು ಅಡುಗೆಮನೆಯಲ್ಲಿದ್ದರೂ ಕಥೆ ತಪ್ಪಬಾರದು ಎಂಬುದು ಅಲ್ಲಿಯ ಕಾನೂನು. ಆ ಕಾನೂನಿನ ಜೊತೆ ಜಗಳಾಡಿ, ಬೈದು, ಬೈಸಿಕೊಂಡು ಹಾನಗಲ್ಲಿಗೆ ಮರಳಿದೆ. ಊರಲ್ಲಿ ನನಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದು ನಿಜವೇ.

ಆಗ ಬಂದವನು ಹಿರೇಕೆರೂರು ಕಡೆಯ ಒಬ್ಬ ತರುಣ. ಸಣ್ಣ ದುಡ್ಡಿನಲ್ಲಿ ತನ್ನ ಮೊದಲ ಸಿನಿಮಾ ಮಾಡಲು ಹೊರಟಿದ್ದ. ಕಥೆ ಅವನದು, ಚಿತ್ರಕಥೆ ಮತ್ತು ಮಾತು ನಾನು ಬರೆಯಬೇಕು. ಮಗಳೊಬ್ಬಳು ತನಗೆ ಬೇಕಾದವನನ್ನು ಮದುವೆಯಾಗಿ ಮನೆಬಿಟ್ಟು ಹೋಗುತ್ತಾಳೆ. ಅಪ್ಪ ಅವಳ ಹೆಸರನ್ನೂ ಎತ್ತಬಾರದೆಂದು ಹಟ ಹಿಡಿಯುತ್ತಾನೆ. ಎಷ್ಟೋ ವರ್ಷಗಳ ಮೇಲೆ ಮಗಳು ಬಾಗಿಲಿಗೆ ಬಂದು ನಿಂತಾಗ ಅಪ್ಪ ಇರುವುದಿಲ್ಲ, ಅವ್ವ ಇರುತ್ತಾಳೆ. ಅಷ್ಟೇ ಕಥೆ. ಕೊನೆಯಲ್ಲಿ ಅವ್ವ ಮಗಳನ್ನು ಕೂರಿಸಿಕೊಂಡು ಅಷ್ಟೂ ವರ್ಷಗಳಲ್ಲಿ ಮನೆಯಲ್ಲಿ ಏನೇನಾಯಿತು ಎಂದು ಹೇಳುತ್ತಾಳೆ. ಧಾರಾವಾಹಿಯ ಚಟ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಆ ಮಾತನ್ನು ನಾಲ್ಕು ಪುಟ ಬರೆದೆ.

ಅವ್ವನ ಪಾತ್ರಕ್ಕೆ ಸಿಕ್ಕವರು ಸವಣೂರಿನ ಒಬ್ಬ ಹಿರಿಯ ನಟಿ. ಪ್ರಾಯದಲ್ಲಿ ನಾಟಕ ಕಂಪನಿಗಳಲ್ಲಿ ಊರೂರು ಸುತ್ತಿದವರು. ಈಗ ಹೊಲಿಗೆ ಕೆಲಸ ಮಾಡುವ ಮಗಳ ಮನೆಯಲ್ಲಿದ್ದರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ಕವಿಗೋಳ ಎಂದು ಕರೆಯುತ್ತಿದ್ದರು. ಕಂಪನಿಯಲ್ಲಿ ನಾಟಕ ಬರೆದವನು ಕವಿಯೇ. ಜೀವನದಲ್ಲಿ ನನ್ನನ್ನು ಕವಿ ಎಂದವರು ಅವರೊಬ್ಬರೇ, ಅದರಲ್ಲೂ ಅರ್ಧ ಚೇಷ್ಟೆ ಇರುತ್ತಿತ್ತು. ಬಾಯಲ್ಲಿ ಸದಾ ಎಲೆ, ಎಲೆಯೊಳಗೆ ತಂಬಾಕು. ಆದರೆ ದನಿ ಮಾತ್ರ ಕಂಚು. ಅಂಗಳದಲ್ಲಿ ಕೂತು ಮಾತಾಡಿದರೆ ಓಣಿಯ ಕೊನೆಯ ಮನೆಯವರೂ ಉತ್ತರ ಕೊಡುವಷ್ಟು.

ಶೂಟಿಂಗಿಗೆ ಬಂಕಾಪುರದ ಓಣಿಯೊಂದರಲ್ಲಿ ಹಳೆಯ ಮನೆ ಗೊತ್ತುಮಾಡಿಕೊಂಡಿದ್ದೆವು. ಒಂದು ಸಂಜೆ ಸುಮ್ಮನೆ ಪರೀಕ್ಷೆಗೆಂದು ಅಕ್ಕಾರನ್ನು ಆ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಪಕ್ಕದ ಕುರ್ಚಿಯಲ್ಲಿ ಅಪ್ಪನ ಪಾತ್ರದವರನ್ನು ಕೂರಿಸಿ ಕ್ಯಾಮೆರಾ ಓಡಿಸಿದರು. ಸೌಂಡ್ ಹಿಡಿಯುವವನು ಏನಾದರೂ ಮಾತಾಡಿ ಎಂದ.

"ಏನ ಮಾತಾಡ್ಲೆಪಾ?"

"ಮಗಳನ್ನ ಊಟಕ್ಕ ಕರೀರಿ" ಎಂದ ನಿರ್ದೇಶಕ.

ಅವರು ಚೌಕಟ್ಟಿಗೆ ಕೈ ಕೊಟ್ಟು ಓಣಿಯತ್ತ ಬಾಗಿ, "ಉಣ್ಣಾಕ ಬಾರವ್ವಾ..." ಎಂದು ಕೂಗಿದರು. ಎದುರು ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ಮೊರ ಬಿಟ್ಟು ತಿರುಗಿ ನೋಡಿದಳು. ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ಕಿತ್ತು ನಕ್ಕ. ಅಂದು ಅದು ಯಾರಿಗೂ ದೊಡ್ಡ ಸಂಗತಿ ಅನಿಸಲಿಲ್ಲ.

ಕೆಲವು ವಾರಗಳ ಮೇಲೆ ಎಲ್ಲರೂ ಕೂತು ಚಿತ್ರಕಥೆ ಓದಿದೆವು. ಅಕ್ಕಾರ ಬಂದಿರಲಿಲ್ಲ, ನೆಗಡಿಯಾಗಿ ದನಿ ಕಟ್ಟಿದೆ ಎಂದು ಮಗಳು ಫೋನು ಮಾಡಿದ್ದಳು. ನಾನೇ ಅವರ ಮಾತು ಓದಿದೆ. ನಿಮ್ಮಪ್ಪ ಹೀಗೆ ಹೋದ, ಎತ್ತು ಮಾರಿದೆವು, ನಿನ್ನ ತಮ್ಮ ಬೇರೆಯಾದ, ನಾನು ದಿನಾ ದಾರಿ ನೋಡಿದೆ... ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಹತ್ತಿರ ಹತ್ತಿರ ಒಂದು ನಿಮಿಷ ತಿನ್ನುತ್ತದೆ. ಮಗಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ, ನೋಡುವವನ ಎದೆ ಬಡಿದುಕೊಳ್ಳುತ್ತಿದೆ, ಆಗ ನಾವು ಹಳೆಯ ಸುದ್ದಿ ಓದುತ್ತ ಕೂತರೆ ಯಾರು ಕೇಳುತ್ತಾರೆ? ವರ್ಷಗಳು ಕಣ್ಣಿಗೆ ಕಾಣಬೇಕು. ಮಗಳು ಬರುವುದಕ್ಕೆ ಮೊದಲೇ ಕಾಣಬೇಕು. ಇದಕ್ಕೆ ಮಾಂಟೇಜ್ ಬೇಕು, ಚಿಕ್ಕ ಚಿಕ್ಕ ಶಾಟ್‌ಗಳನ್ನು ಒಂದರ ಬೆನ್ನಿಗೊಂದು ಪೋಣಿಸಿ ಕಾಲವನ್ನು ದಾಟಿಸುವ ಉಪಾಯ ಎಂದೆ.

ಹೇಳುವುದು ಸುಲಭ. ಮೊದಲ ಸಲ ಬರೆದದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕ್ಯಾಲೆಂಡರಿನ ಹಾಳೆ ಹಾರುವುದು, ಎಲೆ ಉದುರಿ ಚಿಗುರುವುದು, ಮಳೆ, ಬಿಸಿಲು, ಮತ್ತೆ ಮಳೆ. ಅದು ಯಾರ ಮನೆಯ ಕಾಲ? ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಆಮೇಲೆ ಬಂಕಾಪುರದ ಆ ಮನೆಯ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತೆ. ಆ ಮನೆಯಲ್ಲಿ ಏನು ಬದಲಾದೀತು, ಏನು ಬದಲಾಗದೆ ಉಳಿದೀತು ಎಂದು ಸಂಜೆಯವರೆಗೆ ನೋಡುತ್ತ ಕೂತೆ. ಬದಲಾಗದ ಒಂದು ಸಿಗದಿದ್ದರೆ ಬದಲಾಗುವುದು ಕಾಣುವುದೇ ಇಲ್ಲ. ಕ್ಯಾಮೆರಾ ಒಂದೇ ಕಡೆ ನಿಲ್ಲಬೇಕು. ಅದೇ ಬಾಗಿಲು, ಅದೇ ಸಂಜೆಯ ಹೊತ್ತು, ಅವ್ವ ಅದೇ ಚೌಕಟ್ಟಿಗೆ ಕೈ ಕೊಟ್ಟು ನಿಲ್ಲುತ್ತಾಳೆ, ದಾರಿ ನೋಡುತ್ತಾಳೆ, ಒಳಗೆ ಹೋಗುತ್ತಾಳೆ.

ಹೀಗೆ ಬರೆದೆ. ಮೊದಲ ಶಾಟಿನಲ್ಲಿ ಬಾಗಿಲ ಪಕ್ಕ ಕುರ್ಚಿಯಲ್ಲಿ ಅಪ್ಪ, ಅವ್ವ ಹೊರಗೆ ಬಂದ ಕೂಡಲೇ ಮುಖ ತಿರುಗಿಸುತ್ತಾನೆ. ಎರಡನೆಯದರಲ್ಲಿ ಅಪ್ಪ ಮುಖ ತಿರುಗಿಸುವುದಿಲ್ಲ, ನೆಲ ನೋಡುತ್ತಾನೆ. ಮುಂದಿನದರಲ್ಲಿ ಅವನ ಮೊಣಕಾಲ ಮೇಲೆ ಕಂಬಳಿ. ಆಮೇಲೆ ಕುರ್ಚಿ ಖಾಲಿ. ಅದಾದ ಮೇಲೆ ಕುರ್ಚಿಯ ಮೇಲೆ ಗೋವಿನಜೋಳದ ಚೀಲ. ಕೊನೆಗೆ ಕುರ್ಚಿಯೂ ಇಲ್ಲ. ಎದುರು ಮನೆಯ ಹೆಂಗಸು ಮೊದಮೊದಲು ತಿರುಗಿ ನೋಡುತ್ತಾಳೆ, ಬರಬರುತ್ತ ನೋಡುವುದನ್ನೇ ಬಿಡುತ್ತಾಳೆ. ಶಾಟ್‌ಗಳು ಹೋಗುತ್ತ ಹೋಗುತ್ತ ಚಿಕ್ಕವಾಗಬೇಕು, ಯಾಕೆಂದರೆ ಮಾದರಿ ಒಮ್ಮೆ ಗೊತ್ತಾದರೆ ನೋಡುವವನಿಗೆ ಹೆಚ್ಚು ಹೊತ್ತು ಬೇಡ. ಕೊನೆಯ ಶಾಟ್ ಮಾತ್ರ ನಿಲ್ಲಬೇಕು, ಅಲ್ಲಿ ಮಗಳು ಬರುತ್ತಾಳೆ. ನಾಲ್ಕು ಪುಟ ಹೋಗಿ ಮುಕ್ಕಾಲು ಪುಟವಾಯಿತು. ನಿರ್ದೇಶಕ ಓದಿ ನನ್ನ ಕೈ ಹಿಡಿದುಕೊಂಡ.

"ಸರ್, ಅಪ್ಪ ಸತ್ತಾ ಅಂತ ಎಲ್ಲೂ ಹೇಳೇ ಇಲ್ಲಲ್ರಿ. ಆದ್ರೂ ನನಗ ತಿಳದ ಹೋತು."

"ಇನ್ನ ಮಾತ ತಗದದ್ದನ್ನ ಅಕ್ಕಾರಿಗೆ ಯಾರ ಹೇಳವ್ರು?" ಎಂದೆ. ಅವನು ನನ್ನತ್ತ ಬೆರಳು ತೋರಿಸಿದ.

ಸವಣೂರಿಗೆ ಹೋದಾಗ ಅಕ್ಕಾರ ಅಂಗಳದಲ್ಲಿ ಕೂತಿದ್ದರು. ಬಾಯಲ್ಲಿ ಎಲೆ ಇರಲಿಲ್ಲ. ನಾನು ಚಹಾ ಬರುವವರೆಗೂ ಸುತ್ತಿ ಬಳಸಿ, ಕೊನೆಗೆ ವಿಷಯಕ್ಕೆ ಬಂದೆ. ಅವರು ಕೇಳಿಸಿಕೊಂಡರು. ಅವರ ದನಿ ಹೊರಬಂದಾಗ ನಾನು ಬೆಚ್ಚಿದೆ. ಹರಿದ ಗೋಣಿಚೀಲವನ್ನು ನೆಲದ ಮೇಲೆ ಎಳೆದಂತಿತ್ತು.

"ಕವಿಗೋಳ, ಆ ಮಾತ ನಾ ಬಾಯಿಪಾಠ ಮಾಡೇನಿ. ಕಂಪನಿವಳಗ ಒಮ್ಮಿ ಪಾತ್ರ ಕೊಟ್ರ ತಿರುಗಿ ಕಸಗೊಳ್ಳೂದು ಇರಲಿಲ್ರಿ. ಕಲ್ತ ಮಾತ ಎಲ್ಲಿ ಇಟಗೊಳ್ಲಿ ನಾ?"

ನಾನು ಸಿನಿಮಾ ಬೇರೆ, ನಾಟಕ ಬೇರೆ ಎಂದು ಪಾಠ ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ನೆಗಡಿ ಅಲ್ರಿ ಇದು. ಗಂಟಲದಾಗ ಗಂಟ ಐತಿ. ಕ್ಯಾನ್ಸರ್ ಅಂದಾರ. ಹುಬ್ಬಳ್ಳಿ ದವಾಖಾನ್ಯಾಗ ದನಿಪೆಟಗಿನ ತಗೀತಾರಂತ. ಮೈಯಾಗ ರಕ್ತ ಇಲ್ಲ ಅಂತ ಒಂದಿಷ್ಟ ದಿನ ಔಷಧ ಕೊಟ್ಟು, ಆಮ್ಯಾಲೆ ಕೊಯ್ತಾರ. ಅದಾದ ಮ್ಯಾಲೆ ನನಗ ಮಾತಿಲ್ಲ. ಕುತಗಿಗೆ ತೂತ ಮಾಡ್ತಾರ, ಅದರಾಗ ಉಸರಾಟ."

ಒಳಗೆ ಹೊಲಿಗೆಯ ಯಂತ್ರ ನಿಂತಿತು. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು.

"ಜನ್ಮ ಎಲ್ಲಾ ಮಾತಾಡಿದೆ, ಒಂದೂ ಉಳಿದಿಲ್ಲ. ನಾಟಕದ ಮಾತು ಪರದೆ ಬಿದ್ದಮ್ಯಾಲೆ ಹೋತು. ಇದೊಂದು ಉಳೀಲಿ ಅಂತ ಇದ್ದೆ. ಅದನ್ನೂ ಹೊಡದ ಹಾಕಿ ಬಂದೀರಿ."

ಆ ಮಾತನ್ನು ಬೇರೆಯಾಗಿಯೇ ಈಗಲೇ ರೆಕಾರ್ಡ್ ಮಾಡಿಕೊಳ್ಳೋಣ, ನಿಮ್ಮ ಮನೆಯಲ್ಲೇ ಇರಲಿ ಎಂದೆ. ಅವರ ಕಣ್ಣು ಕೆಂಪಾದವು. "ಆಟ ಇಲ್ಲದ ಮಾತು ಹುಚ್ಚರ ಮಾತ್ರಿ ಅದು. ಯಾರ ಮುಂದ ಹೇಳ್ಲಿ, ಗ್ವಾಡಿ ಮುಂದ?" ಎಂದರು. ಚಹಾ ಆರಿಹೋಗಿತ್ತು. ಅದನ್ನು ಹಾಗೇ ಕುಡಿದು ಎದ್ದೆ.

ಬಸ್ಸಿನಲ್ಲಿ ಕೂತಾಗ ಎಲ್ಲರ ಮೇಲೂ ಕೋಪ ಬಂತು. ಆ ಗಂಟಿನ ಮೇಲೆ, ತಂಬಾಕಿನ ಮೇಲೆ, ಮಾಂಟೇಜ್ ಎಂಬ ಪದದ ಮೇಲೆ. ನಾಲ್ಕು ಪುಟ ಮರಳಿ ಹಾಕಿದರೆ ಸಿನಿಮಾ ಸಾಯುತ್ತದೆ. ಹಾಕದಿದ್ದರೆ ಆ ಹೆಂಗಸು ಬದುಕಿದ್ದಾಗಲೇ ಬಾಯಿ ಮುಚ್ಚಿಸಿದಂತಾಗುತ್ತದೆ. ನಿರ್ದೇಶಕ ವಿಷಯ ಕೇಳಿ ಕಣ್ಣೀರು ಹಾಕಿ, ಆಮೇಲೆ ಒಂದು ದಾರಿ ಹೇಳಿದ.

"ಮಾಂಟೇಜಿನ ಹಿಂದ ಅಕ್ಕಾರ ದನಿ ಹಚ್ಚೋಣ್ರಿ ಸರ್. ಚಿತ್ರನೂ ಇರ್ತೈತಿ, ಮಾತೂ ಇರ್ತೈತಿ."

ಮನಸ್ಸಿಗೆ ಹಿತವಾದ ದಾರಿ. ಹಾಗೇ ಕೂರಿಸಿ ಬರೆದು ನೋಡಿದೆ. ಕುರ್ಚಿ ಖಾಲಿ ಇದೆ, ಮೇಲೆ ದನಿ ಹೇಳುತ್ತದೆ: ನಿಮ್ಮಪ್ಪ ಹೋದ. ನೋಡುವವನು ಈಗತಾನೇ ತಾನಾಗಿ ತಿಳಿದುಕೊಂಡು ಒಳಗೇ ಒಂದು ಪೆಟ್ಟು ತಿಂದಿರುತ್ತಾನೆ, ಅವನಿಗೆ ಮತ್ತೆ ಬಂದು ತಿಳಿಯಿತೇನಪ್ಪಾ ಎಂದು ಕೇಳಿದಂತೆ. ಕಂಡದ್ದನ್ನು ಮಾತು ಕೊಂದಿತು, ಮಾತನ್ನು ಕಂಡದ್ದು ಕೊಂದಿತು. ಎರಡೂ ಹಾಳಾದವು. ಅದನ್ನೂ ಹರಿದೆ.

ಬೇರೇನಾದರೂ ಸಿಕ್ಕೀತೇ ಎಂದು ನಿರ್ದೇಶಕನ ಕೋಣೆಯಲ್ಲಿ ಹಳೆಯದನ್ನೆಲ್ಲ ಹಾಕಿ ನೋಡುತ್ತಿದ್ದೆವು. ಪರೀಕ್ಷೆಯ ಆ ಸಂಜೆಯ ಶಾಟ್ ಬಂತು. "ಉಣ್ಣಾಕ ಬಾರವ್ವಾ..." ಅಷ್ಟು ದೊಡ್ಡ ದನಿ, ಅಷ್ಟು ತುಂಬಿದ ದನಿ. ಆ ಕೂಗು ಏನನ್ನೂ ವಿವರಿಸುವುದಿಲ್ಲ. ಯಾರು ಸತ್ತರು, ಯಾರು ಬೇರೆಯಾದರು ಎಂದು ಹೇಳುವುದಿಲ್ಲ. ಕರೆಯುತ್ತದೆ, ಅಷ್ಟೇ. ಅವ್ವ ದಿನಾ ಸಂಜೆ ಬಾಗಿಲಲ್ಲಿ ನಿಂತು, ಹೆಸರೆತ್ತಬಾರದೆಂದ ಗಂಡನ ಪಕ್ಕದಲ್ಲೇ, ಹೆಸರೆತ್ತದೆ ಕರೆಯುತ್ತಾಳೆ. ನನ್ನ ಮಾಂಟೇಜಿನಲ್ಲಿ ಬಾಗಿಲಿತ್ತು, ಕುರ್ಚಿಯಿತ್ತು, ಅವಳು ಯಾಕೆ ಹೊರಗೆ ಬರುತ್ತಾಳೆ ಎಂಬುದೇ ಇರಲಿಲ್ಲ.

ಮತ್ತೆ ಸವಣೂರಿಗೆ ಹೋದೆ. ಆ ಕೂಗನ್ನು ಪ್ರತಿ ಶಾಟಿನಲ್ಲೂ ಇಡುತ್ತೇವೆ ಎಂದೆ. ಅಕ್ಕಾರ ಕೇಳಿ ನಕ್ಕರು, ನಗು ಕೆಮ್ಮಾಯಿತು.

"ನಾಕ ಪುಟಕ್ಕ ಎರಡ ಮಾತು. ಭಾಳ ಛಲೋ ವ್ಯಾಪಾರ ನಿಮ್ದು."

"ವಯಸ್ಸಾದಂಗ ದನಿ ಬದಲ ಮಾಡಬೇಕಾಗ್ತೈತಿ ಅಕ್ಕಾರ. ಮೊದಲಿಂದು ಐತಿ ನಮ್ಮ ಹತ್ರ. ಉಳದದ್ದು ಒಂದ ದಿನ ಬಂದ್ರ ಮುಗೀತೈತಿ."

ಸಿನಿಮಾದಲ್ಲಿ ಹಾಗೆಯೇ ಮಾಡುವುದು. ಒಂದೇ ಜಾಗದ ಶಾಟ್‌ಗಳನ್ನು ಒಂದೇ ದಿನ ತೆಗೆಯುತ್ತಾರೆ. ಸೀರೆ ಬದಲಿಸಿ, ತಲೆಗೆ ಬಿಳಿ ಹಚ್ಚಿ, ವರ್ಷಗಳನ್ನು ಒಂದೇ ಸಂಜೆಗೆ ಮುಗಿಸುತ್ತಾರೆ. ಅಕ್ಕಾರ ತಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡರು.

"ಮುದುಕಿ ದನಿ ತಗಿಯಾಕ ನನಗ ಬರ್ತೈತ್ರಿ. ಇಪ್ಪತ್ತರಾಗ ಇದ್ದಾಗ ಎಂಬತ್ತರಾಕಿ ಆಗೇನಿ. ಈಗ ಅದು ಬ್ಯಾಡ. ಇರೂ ದನಿನ ತಗೋರಿ. ದಿನಾ ಒಂದಿಷ್ಟ ಕಡಿಮಿ ಆಗಾಕತ್ತೈತಿ. ಕೊಯ್ಯೂತನಕ ಬಿಟ್ಟ ಬಿಟ್ಟ ಬರ್ತೇನಿ. ನೀವು ಅದಕ್ಕ ವರ್ಷ ಅನ್ರಿ."

ನನಗೆ ಅಸಹ್ಯವಾಯಿತು, ಅದರ ಬೆನ್ನಿಗೇ ಆಸೆಯೂ ಆಯಿತು. ಬರೆಯುವವನ ಹೊಟ್ಟೆಯಲ್ಲಿ ಒಂದು ನಾಯಿ ಇರುತ್ತದೆ, ಎಲ್ಲಿ ಹೆಣ ಬಿದ್ದರೂ ಅದಕ್ಕೆ ಮೊದಲು ವಾಸನೆ ಬರುತ್ತದೆ. ಬೇಡ ಅಕ್ಕಾರ, ಆರೋಗ್ಯ ಮುಖ್ಯ ಎಂದು ಬಾಯಿ ಹೇಳಿತು. ಡಾಕ್ಟರನ್ನು ಕೇಳಿ ಬಂದ ಮಗಳು, "ಕೂಗಿದ್ರ ಇನ್ನ ಹೆಚ್ಚೇನ ಕೆಡೂದಿಲ್ಲಂತ್ರಿ, ಕೆಡೂದು ಕೆಟ್ಟೈತಿ. ಅವ್ವನ ಮನಸಿನಂಗ ಆಗ್ಲಿ" ಎಂದಳು. ಅವಳು ನನ್ನ ಮುಖ ನೋಡಲಿಲ್ಲ.

ಹಾಗೆ ಶುರುವಾಯಿತು. ಆಪರೇಷನ್ನಿನ ದಿನ ದವಾಖಾನೆಯವರು ಕೊಟ್ಟದ್ದೇ, ನಾವು ಅದನ್ನು ಒಂದು ಗಳಿಗೆಯೂ ಮುಂದೆ ತಳ್ಳಲಿಲ್ಲ. ಮಿಕ್ಕ ದೃಶ್ಯಗಳನ್ನು ಶಿಗ್ಗಾಂವಿ, ತಿಳವಳ್ಳಿ ಕಡೆ ತೆಗೆಯುತ್ತ, ನಡುನಡುವೆ ಬಂಕಾಪುರದ ಬಾಗಿಲಿಗೆ ಬರುತ್ತಿದ್ದೆವು. ಕ್ಯಾಮೆರಾ ಕೂದಲೆಳೆಯಷ್ಟೂ ಸರಿಯಬಾರದು, ಸರಿದರೆ ಕುರ್ಚಿಯ ಬದಲು ಮನೆಯೇ ಜಿಗಿದಂತೆ ಕಾಣುತ್ತದೆ. ಅದಕ್ಕೆ ಪರೀಕ್ಷೆಯ ಶಾಟಿಗೆ ಹೊಂದಿಸಿ ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಿದ್ದರು, ಎತ್ತರವನ್ನು ಗುರುತು ಮಾಡಿಟ್ಟಿದ್ದರು. ಬೆಳಕೂ ಅದೇ ಬೇಕು, ಹೊತ್ತು ಮುಳುಗುವ ಮೊದಲಿನ ಆ ಚೂರು ಬೆಳಕು. ಒಂದು ಸಲ ನಾವು ಹೋಗುವಷ್ಟರಲ್ಲಿ ಮನೆಯ ಮಾಲೀಕರು ಹಬ್ಬಕ್ಕೆಂದು ಗೋಡೆಗೆ ಸುಣ್ಣ ಬಳಿದಿದ್ದರು. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ನಾನು ನಕ್ಕುಬಿಟ್ಟೆ. "ಏ ತಮ್ಮಾ, ಬಿಟ್ಟಿ ಒಂದ ವರ್ಷ ಸಿಕ್ಕತಲ್ಲೋ!" ಎಂದೆ. ಆ ಶೂಟಿಂಗಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅಕ್ಕಾರ ರಿಕ್ಷಾದಿಂದ ಇಳಿಯುತ್ತಿದ್ದರು, ಸೀರೆ ಬದಲಿಸುತ್ತಿದ್ದರು, ಚೌಕಟ್ಟಿಗೆ ಕೈ ಕೊಟ್ಟು ಒಂದೇ ಒಂದು ಸಲ ಕೂಗುತ್ತಿದ್ದರು. ಎರಡನೆಯ ಟೇಕ್ ಕೊಡುತ್ತಿರಲಿಲ್ಲ. ಮೊದಲು "ಬಾರವ್ವಾ" ಎಂಬುದರ ಎಳೆತ ಹೋಯಿತು. ಆಮೇಲೆ ಓಣಿಯ ಅರ್ಧಕ್ಕೆ ದನಿ ನಿಂತಿತು. ಆಮೇಲೆ ಎದುರು ಮನೆಯ ಹೆಂಗಸಿಗೂ ಕೇಳದಾಯಿತು. ಅವಳು ಇನ್ನು ತಿರುಗಬಾರದು ಎಂದು ನಾನು ಬರೆದಿದ್ದೆ, ಆದರೆ ಈಗ ಅವಳಿಗೆ ಅಭಿನಯಿಸಬೇಕಾಗಿಯೇ ಇರಲಿಲ್ಲ. ಅಪ್ಪನ ಪಾತ್ರದವರು ತಮ್ಮ ಶಾಟ್ ಮುಗಿದರೂ ಬರುತ್ತಿದ್ದರು, ಖಾಲಿ ಕುರ್ಚಿ ನೋಡುತ್ತ ಕ್ಯಾಮೆರಾದ ಹಿಂದೆ ನಿಂತು ಕೇಳುತ್ತಿದ್ದರು.

ಕೊನೆಯದನ್ನು ತೆಗೆದದ್ದು ಅವರು ದವಾಖಾನೆ ಸೇರುವ ಹಿಂದಿನ ದಿನ. ಕುರ್ಚಿ ತೆಗೆದಿಟ್ಟಿದ್ದರು. ಅಕ್ಕಾರ ಬಾಗಿಲಿಗೆ ಬಂದು ಬಾಗಿದರು, ಬಾಯಿ ತೆರೆದರು, ಕುತ್ತಿಗೆಯ ನರ ಉಬ್ಬಿದವು. ಬರೀ ಗಾಳಿ ಬಂತು. ಸೌಂಡಿನವನು ಹೆಡ್‌ಫೋನ್ ಒತ್ತಿಕೊಂಡು, "ದನಿ ಬಂದಿಲ್ರಿ, ಇನ್ನೊಂದು..." ಎಂದ. ಅಕ್ಕಾರ ಅವನತ್ತ ನೋಡಿ ಇಲ್ಲವೆಂದು ತಲೆಯಾಡಿಸಿದರು. ಅವನು ಹೆಡ್‌ಫೋನ್ ಕೆಳಗಿಟ್ಟು ಓಣಿಯ ಆಚೆ ಹೋಗಿಬಿಟ್ಟ.

ಅದೇ ಬೆಳಕಿನಲ್ಲಿ ಮಗಳು ಬರುವ ಶಾಟ್ ಕೂಡ ತೆಗೆಯಬೇಕಿತ್ತು. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಅವ್ವ ನೋಡುತ್ತಾಳೆ, ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾಳೆ. ಮಗಳ ಪಾತ್ರದ ಹುಡುಗಿ ಬಂದು ಎದುರು ನಿಂತಳು. ಅಕ್ಕಾರ ಸರಿಯಲಿಲ್ಲ. ಅವರ ತುಟಿ ಅಲುಗತೊಡಗಿದವು. ದನಿಯಿಲ್ಲ, ತುಟಿ ಮಾತ್ರ. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾನು ಹೊಡೆದುಹಾಕಿದ ಆ ನಾಲ್ಕು ಪುಟವನ್ನು ಅವರು ಮೊದಲ ಸಾಲಿನಿಂದ ಹೇಳುತ್ತಿದ್ದರು. ನಿಮ್ಮಪ್ಪ, ಎತ್ತು, ನಿನ್ನ ತಮ್ಮ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಬರೆದಿದ್ದೆನೋ ಅಲ್ಲೇ ನಿಲ್ಲುತ್ತಿದ್ದರು. ಅಲ್ಲಿ ಅದು ಗೊತ್ತಾಗುವುದು ನನಗೊಬ್ಬನಿಗೇ. ನಿರ್ದೇಶಕ ಕಟ್ ಹೇಳಲಿಲ್ಲ. ಬೆಳಕು ಹೋಗಿ ಅವರ ಮುಖ ಕಾಣದಾಗುವವರೆಗೂ ಕ್ಯಾಮೆರಾ ಓಡಿತು. ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಸಿಟ್ಟಿನಿಂದ ಅತ್ತೆ.

ಎಡಿಟಿಂಗಿನಲ್ಲಿ ಆ ಶಾಟಿನ ಕೆಲವೇ ಕ್ಷಣ ಉಳಿದವು. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಅವಳು ಏನೋ ವಿವರಿಸುತ್ತಿದ್ದಾಳೆ ಅನಿಸುತ್ತಿತ್ತು. ಎಡಿಟರ್ ಹೇಳಿದ್ದು ಸರಿಯೇ ಇತ್ತು. ಹೂಂ ಎಂದೆ. ಇಡೀ ಮಾಂಟೇಜ್ ಒಂದೂವರೆ ನಿಮಿಷವೂ ಆಗಲಿಲ್ಲ. ಮೊದಲಿಗೆ ಪರೀಕ್ಷೆಯ ದಿನದ ಶಾಟ್, ತುಂಬಿದ ದನಿ, ಅದರ ಹಿಂದೆ ಒಂದೊಂದೇ.

ಆಪರೇಷನ್ ಆಗಿ ಅಕ್ಕಾರ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಸವಣೂರಿಗೆ ಹೋದೆ. ಅವರು ಬಹಳ ಸಣ್ಣಗಾಗಿದ್ದರು. ಕುತ್ತಿಗೆಯ ತೂತಿನ ಮುಂದೆ ತೆಳುವಾದ ಬಿಳಿ ಬಟ್ಟೆ, ಉಸಿರಾಡಿದಾಗಲೆಲ್ಲ ಅದು ಅಲುಗುತ್ತಿತ್ತು. ಕಾಯಿಲೆ ಬೇರೆ ಕಡೆಯೂ ಕಾಣಿಸಿಕೊಂಡಿದೆ ಎಂದು ಮಗಳು ಬಾಗಿಲಲ್ಲೇ ಪಿಸುಗುಟ್ಟಿದಳು. ನನಗೆ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದಳು. ಸಿನಿಮಾ ನೋಡುವ ಮನಸ್ಸು ಅವಳಿಗಿರಲಿಲ್ಲ.

ನಾನು ನೇರವಾಗಿ ಮಾಂಟೇಜ್ ಹಾಕಿದೆ. ಬಾಗಿಲು ಬಂತು. ಕುರ್ಚಿಯಲ್ಲಿ ಅಪ್ಪ. ಅಕ್ಕಾರ ಹೊರಬಂದು ಚೌಕಟ್ಟಿಗೆ ಕೈ ಕೊಟ್ಟು ಬಾಗಿದರು.

"ಉಣ್ಣಾಕ ಬಾರವ್ವಾ..."

ಎರಡನೆಯ ಶಾಟ್ ಬರುವ ಮೊದಲೇ ಪಕ್ಕದಲ್ಲಿದ್ದ ಅಕ್ಕಾರ ಕೈ ಚಾಚಿ ನಿಲ್ಲಿಸಿಬಿಟ್ಟರು. ಬೆರಳಿನಿಂದ ಹಿಂದಕ್ಕೆ ಎಂದು ಸನ್ನೆ ಮಾಡಿದರು. ಹಿಂದಕ್ಕೆ ಹಾಕಿದೆ. ಮತ್ತೆ ಕೂಗು, ಮತ್ತೆ ಅಲ್ಲೇ ನಿಲ್ಲಿಸಿದರು. ಮುಂದಿನದನ್ನು ನೋಡಲು ಅವರು ಒಪ್ಪಲೇ ಇಲ್ಲ. ಕಾಲ ಸರಿಯುವುದನ್ನು ಕಾಣಿಸಲು ನಾನು ಪಟ್ಟ ಪಾಡೆಲ್ಲ ಆ ಒಂದು ಬೆರಳಿನ ಕೆಳಗೆ ನಿಂತುಹೋಯಿತು. ಮೂರನೆಯ ಸಲ ಅವರೇ ಲ್ಯಾಪ್‌ಟಾಪಿನ ದನಿ ಏರಿಸಿದರು.

"ಉಣ್ಣಾಕ ಬಾರವ್ವಾ..."

ಅಡುಗೆಮನೆಯಿಂದ ಮಗಳು, "ಬಂದ್ಯಬೇ ಅವ್ವಾ" ಎಂದಳು. ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಒಳಗೆ ಏನೋ ಪಾತ್ರೆ ನೆಲಕ್ಕೆ ಬಿತ್ತು. ಅಕ್ಕಾರ ಬಾಗಿಲ ಕಡೆ ತಿರುಗಿ ಕಾಯುತ್ತ ಕೂತರು.